ಮಗುವಿನ ಕಣ್ಣಿಗೆ ಬಿದ್ದಷ್ಟು ಜಗಳ

ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯನ್ನು ನಾವು ಕಾಣುವುದು ನಾಣಿ ಎಂಬ ಹುಡುಗನ ಕಣ್ಣಿಂದ. ವೇದ ಕಲಿಯಲು ಅವನನ್ನು ಉಡುಪರ ಮನೆಯಲ್ಲಿ ಬಿಟ್ಟಿದ್ದಾರೆ. ಹೆತ್ತವರು ಹತ್ತಿರವಿಲ್ಲ, ದೊಡ್ಡ ಹುಡುಗರ ಕಾಟ ಬೇರೆ. ಆ ಮನೆಯಲ್ಲಿ ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವವಳು ಉಡುಪರ ಮಗಳು ಯಮುನಕ್ಕ. ಅವಳು ಎಳೆಯ ವಿಧವೆ, ಈಗ ಗರ್ಭಿಣಿ. ಊರು ಪಿಸುಗುಡುತ್ತದೆ, ಅಗ್ರಹಾರ ತೀರ್ಪು ಕೊಡುತ್ತದೆ. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಅವಳನ್ನು ಹೊರಹಾಕುತ್ತಾನೆ. ಗಿರೀಶ ಕಾಸರವಳ್ಳಿಯವರು ಈ ಕತೆಯನ್ನು ಸಿನಿಮಾ ಮಾಡಿದ್ದು 1977ರಲ್ಲಿ; ಅದಕ್ಕೆ ಸ್ವರ್ಣಕಮಲ ಬಂತು.

ದೊಡ್ಡವರ ಪಾಲಿಗೆ ಇದು ಮಡಿ, ಪಾಪ, ಮರ್ಯಾದೆಗಳ ಜಗಳ. ಹುಡುಗನಿಗೆ ಅದರಲ್ಲಿ ತಿಳಿಯುವುದು ಅರ್ಧ ಮಾತ್ರ. ಆದರೆ ಅವನಿಗೆ ತನ್ನದೇ ಆದ ಇನ್ನೊಂದು ಚಿಂತೆಯಿದೆ: ಯಮುನಕ್ಕನಿಗೆ ಏನಾಗುತ್ತದೆ, ಅವಳು ಹೋದರೆ ತನಗೆ ಯಾರು? ಕತೆಯ ಕಸುವೆಲ್ಲ ಈ ಎರಡು ಚಿಂತೆಗಳ ನಡುವಿನ ಅಂತರದಲ್ಲಿದೆ. ಊರಿನವರು ಅವಳ ತಪ್ಪನ್ನು ಅಳೆಯುತ್ತಿರುವಾಗ ಅವಳ ದುಃಖದ ಹತ್ತಿರ ಕೂತಿರುವವನು ಆ ಹುಡುಗನೊಬ್ಬನೇ. ಓದುಗ ಅವನಿಗಿಂತ ಹೆಚ್ಚು ತಿಳಿದುಕೊಂಡೂ ಅವನ ಪಕ್ಕದಲ್ಲೇ ಕೂರಬೇಕಾಗುತ್ತದೆ.

ಮಗುವಿನ ಕಣ್ಣಿಂದ ಬರೆಯಲು ಹೊರಟವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ‘ಮಗುವಿಗೆ ಗೊತ್ತಿಲ್ಲ’ ಎಂಬುದನ್ನು ಅವರು ಖಾಲಿ ಜಾಗವೆಂದು ತಿಳಿಯುತ್ತಾರೆ. ದೊಡ್ಡವರು ಜಗಳವಾಡುತ್ತಾರೆ, ಮಗು ಬಾಗಿಲ ಸಂದಿಯಲ್ಲಿ ನಿಂತು ಪಿಳಿಪಿಳಿ ನೋಡುತ್ತದೆ, ಅಷ್ಟೇ. ನಿಜವಾದ ಮಕ್ಕಳು ಹಾಗಿರುವುದಿಲ್ಲ. ತಿಳಿಯದ್ದನ್ನು ಅವರು ತಿಳಿಯದೆ ಬಿಡುವುದಿಲ್ಲ, ಕೈಗೆ ಸಿಕ್ಕ ತುಣುಕುಗಳನ್ನು ಜೋಡಿಸಿ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ. ಆ ಕಾರಣ ತಪ್ಪಾಗಿರಬಹುದು, ಆದರೆ ಅದಕ್ಕೊಂದು ತರ್ಕ ಇರುತ್ತದೆ. ಅಷ್ಟೇ ಅಲ್ಲ, ಅದನ್ನು ನಂಬಿ ಏನಾದರೂ ಮಾಡಿಯೂ ಬಿಡುತ್ತಾರೆ. ಈ ಬಗೆಯ ಒಳ್ಳೆಯ ಕತೆಗಳನ್ನು ಮುಂದಕ್ಕೆ ಎಳೆಯುವುದು ಮಗುವಿನ ಅಜ್ಞಾನಕ್ಕಿಂತ ಹೆಚ್ಚಾಗಿ ಅದು ಕಟ್ಟಿಕೊಂಡ ತಪ್ಪು ವಿವರಣೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇಂಗ್ಲಿಷ್ ಕಾದಂಬರಿಕಾರ ಎಲ್.ಪಿ. ಹಾರ್ಟ್ಲಿಯ ‘ದಿ ಗೋ-ಬಿಟ್ವೀನ್’ (1953) ಇದಕ್ಕೆ ಒಳ್ಳೆಯ ಸಾಕ್ಷಿ. 1900ರ ಬೇಸಿಗೆಯಲ್ಲಿ ಲಿಯೋ ಎಂಬ ಹುಡುಗ ಶ್ರೀಮಂತ ಗೆಳೆಯನ ಬಂಗಲೆಗೆ ಹೋಗುತ್ತಾನೆ. ಅವನಿಗೆ ಹದಿಮೂರು ತುಂಬಲು ಇನ್ನು ಕೆಲವೇ ದಿನ. ಗೆಳೆಯನ ಅಕ್ಕ ಮೇರಿಯನ್‌ಗೂ ಪಕ್ಕದ ರೈತ ಟೆಡ್‌ಗೂ ನಡುವೆ ಅವನು ಕಾಗದ ಸಾಗಿಸುತ್ತಾನೆ. ಅದೇನೋ ವ್ಯವಹಾರದ ಕಾಗದ ಎಂದೇ ಮೊದಲು ಅವನು ತಿಳಿದಿರುತ್ತಾನೆ. ಅಂಟಿಸದ ಒಂದು ಕಾಗದ ಓದಿದಾಗ ಪ್ರೇಮದ ಸಂಗತಿ ತಿಳಿಯುತ್ತದೆ, ಆದರೂ ಪ್ರೇಮಿಗಳು ಮಾಡುವುದಾದರೂ ಏನು ಎಂಬುದು ಬಗೆಹರಿಯುವುದಿಲ್ಲ. ಅದನ್ನು ಅವನು ಟೆಡ್‌ನನ್ನೇ ಕೇಳುತ್ತಾನೆ. ತನಗೆ ಮಂತ್ರಶಕ್ತಿ ಇದೆ ಎಂಬ ನಂಬಿಕೆಯೂ ಅವನಿಗಿದೆ. ಈ ಗಂಟನ್ನು ಬಿಡಿಸಲು ಕೊನೆಗೆ ಒಂದು ವಿಷದ ಗಿಡ ಕಿತ್ತು ಮಾಟ ಮಾಡುತ್ತಾನೆ. ಮರುದಿನವೇ ಗುಟ್ಟು ರಟ್ಟಾಗಿ ಟೆಡ್ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ತನ್ನ ಮಂತ್ರವೇ ಅವನನ್ನು ಕೊಂದಿತು ಎಂದು ಆ ಹುಡುಗನಿಗೆ ಅನ್ನಿಸಿದರೆ ಆಶ್ಚರ್ಯವೇನು? ಐರ್ಲೆಂಡಿನ ರಾಡಿ ಡಾಯ್ಲ್ ಅವರ ‘ಪ್ಯಾಡಿ ಕ್ಲಾರ್ಕ್ ಹ ಹ ಹ’ (1993) ಕಾದಂಬರಿಯ ಹತ್ತು ವರ್ಷದ ಪ್ಯಾಡಿಯೂ ಇದೇ ದಾರಿಯವನು. ತಾನು ನಿದ್ದೆ ಮಾಡದೆ ಕಾವಲಿದ್ದರೆ ಅಪ್ಪ ಅಮ್ಮ ಜಗಳವಾಡುವುದಿಲ್ಲ ಎಂದುಕೊಂಡು ಅವನು ರಾತ್ರಿಯಿಡೀ ಎಚ್ಚರವಿರಲು ಹೆಣಗುತ್ತಾನೆ.

ಇದನ್ನು ಬರಹಕ್ಕೆ ಇಳಿಸುವುದು ಹೇಗೆ? ನಮ್ಮ ಕಡೆಯದೇ ಒಂದು ಜಗಳ ಕಟ್ಟಿ ನೋಡೋಣ.

ಮಲೆನಾಡಿನ ಕೂಡುಕುಟುಂಬ, ಅಡಿಕೆ ತೋಟದ ಮನೆ. ಚಿಕ್ಕಪ್ಪ ಯಾರಿಗೂ ತಿಳಿಸದೆ ಅಜ್ಜನ ಸಹಿ ಹಾಕಿಸಿಕೊಂಡು ತೋಟದ ಮೇಲೆ ಸೊಸೈಟಿಯಲ್ಲಿ ಸಾಲ ತೆಗೆದಿದ್ದಾನೆ. ಕಂತು ಕಟ್ಟಿಲ್ಲ, ಮನೆಗೆ ನೋಟಿಸು ಬಂದಿದೆ. ಅಣ್ಣ ತಮ್ಮಂದಿರು ಪಾಲಾಗುವ ಹಂತಕ್ಕೆ ಬಂದಿದ್ದಾರೆ. ಇದನ್ನು ಎಂಟು ವರ್ಷದ ಹುಡುಗಿಯೊಬ್ಬಳು ಹೇಳಬೇಕು.

ಮೊದಲು ದೊಡ್ಡವರ ಕತೆಯನ್ನು ಪೂರ್ತಿ ಬರೆದುಕೊಳ್ಳಬೇಕು: ಸಾಲ ಎಷ್ಟು, ಯಾವಾಗ ತೆಗೆದದ್ದು, ಯಾಕೆ, ಅಜ್ಜನಿಗೆ ಎಷ್ಟು ಗೊತ್ತಿತ್ತು, ಅಮ್ಮನಿಗೂ ಚಿಕ್ಕಮ್ಮನಿಗೂ ಮೊದಲಿಂದ ಇದ್ದ ಮುನಿಸು ಯಾವುದು. ಈ ಪುಟ ಓದುಗನ ಕೈಗೆ ಹೋಗುವುದಿಲ್ಲ. ಆದರೆ ಬರೆಯುವವನಿಗೇ ಸತ್ಯ ಗೊತ್ತಿಲ್ಲದಿದ್ದರೆ ಮಗುವಿನ ಕಣ್ಣಿಗೆ ಯಾವ ತುಣುಕು ಬೀಳಬೇಕೆಂದು ಆರಿಸಲು ಆಗುವುದಿಲ್ಲ. ಮಂಜು ಮುಸುಕಿದ ಹಾಗೆ ಕಾಣುವ ಬಾಲ್ಯದ ಕತೆಗಳಲ್ಲಿ ಎಷ್ಟೋ ಸಲ ಮುಸುಕಿರುವುದು ಲೇಖಕರ ಕಣ್ಣಿಗೇ.

ಆಮೇಲೆ ಹುಡುಗಿ ಆ ದಿನಗಳಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳಿಕೊಳ್ಳಬೇಕು. ಮಗು ಯಾವತ್ತೂ ಜಗಳ ನೋಡಲೆಂದೇ ಕೂತಿರುವುದಿಲ್ಲ, ಅದಕ್ಕೆ ಅದರದೇ ಕೆಲಸ ಇರುತ್ತದೆ. ನಮ್ಮ ಹುಡುಗಿಗೆ ಲೆಕ್ಕದಲ್ಲಿ ಕಡಿಮೆ ಅಂಕ ಬಂದಿದೆ. ಅಪ್ಪನಿಗೆ ಹೆದರಿ, ಕಣ್ಣು ಮಂಜಾದ ಅಜ್ಜನಿಂದ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸಿಕೊಂಡಿದ್ದಾಳೆ. ಕಾರ್ಡು ಇನ್ನೂ ಚೀಲದಲ್ಲೇ ಇದೆ. ಆ ಸಂಜೆ ಸೊಸೈಟಿಯವರು ಬೈಕಿನಲ್ಲಿ ಬಂದು ಹೋಗುತ್ತಾರೆ. ಅವಳು ಕಾಣುವುದು ಮುದ್ರೆ ಒತ್ತಿದ ಒಂದು ಕಾಗದ ಮತ್ತು ಅವರು ಕುಡಿಯದೆ ಬಿಟ್ಟ ಕಾಫಿಯನ್ನು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಲೆಯೆತ್ತದೆ, “ಯಾರಿಗೂ ಹೇಳದೆ ಅಪ್ಪಯ್ಯನ ಹತ್ರ ಸಹಿ ಹಾಕಿಸ್ಕೊಂಡವರಿಗೆ ಈ ಮನೇಲಿ ಜಾಗ ಇಲ್ಲ” ಅನ್ನುತ್ತಾನೆ.

ಅವಳಿಗೆ ಇನ್ನು ಅನುಮಾನವೇ ಉಳಿಯುವುದಿಲ್ಲ: ಬೈಕಿನಲ್ಲಿ ಬಂದವರು ಶಾಲೆಯವರು. ಮಾರನೆಯ ದಿನ ಅಜ್ಜಿ ಪಾತ್ರೆಗಳನ್ನು ಎರಡು ರಾಶಿ ಮಾಡುತ್ತಾಳೆ. ಚಿಕ್ಕಮ್ಮ ಹಿಂದಿನ ಜಗಲಿಯಲ್ಲಿ ಬೇರೆ ಒಲೆ ಹೂಡುತ್ತಾಳೆ. ಒಂದು ಸಹಿಗೆ ಇಷ್ಟೆಲ್ಲ ಆಯಿತಲ್ಲ ಎಂದು ಹುಡುಗಿ ಕಾರ್ಡನ್ನು ಬಚ್ಚಲ ಒಲೆಗೆ ಹಾಕುತ್ತಾಳೆ. ಅದೂ ಸಾಲದೆ, ಎಲ್ಲರೂ ಕೂಡಿರುವಾಗ ಮುಂದೆ ಬಂದು, “ಸಹಿ ಹಾಕಿಸಿಕೊಂಡಿದ್ದು ನಾನು” ಎಂದುಬಿಡುತ್ತಾಳೆ. ಆಗ ಚಿಕ್ಕಪ್ಪ ಅವಳನ್ನು ನೋಡುವ ನೋಟವನ್ನು ಆಕೆ ವಿವರಿಸಬೇಕಿಲ್ಲ. ಅವನು ಎದ್ದು ಅಂಗಳಕ್ಕೆ ಹೋದ, ಚಪ್ಪಲಿ ಹಾಕಿಕೊಳ್ಳಲಿಲ್ಲ ಎಂದರೆ ಸಾಕು.

ಇಲ್ಲಿ ಹುಡುಗಿಗೆ ಸಾಲ, ಅಡಮಾನ, ಪಾಲು ಒಂದೂ ತಿಳಿದಿಲ್ಲ, ಓದುಗನಿಗೆ ಎಲ್ಲವೂ ತಿಳಿದಿದೆ. ತಿಳಿದಿದೆಯೋ ಇಲ್ಲವೋ ಎಂದು ಪರೀಕ್ಷಿಸಲೂ ಬರುತ್ತದೆ. ಕತೆಯ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ‘ಮನೆಯಲ್ಲಿ ಜಗಳ ಯಾಕೆ?’ ಎಂದು ಕೇಳಿ. ಅವರಿಗೆ ಹೇಳಲಾಗದಿದ್ದರೆ ಹುಡುಗಿಯ ಬಾಯಲ್ಲಿ ವಿವರಣೆ ಸೇರಿಸಬೇಡಿ, ಅವಳ ಕಣ್ಣಿಗೆ ಇನ್ನೊಂದು ವಸ್ತು ಬೀಳಿಸಿ. ಉದಾಹರಣೆಗೆ, ಆ ಕಾಗದದ ತಲೆಬರಹವನ್ನು ಅವಳು ಅಕ್ಷರ ಕೂಡಿಸಿಕೊಂಡು ಓದಲಿ. ಬಾಗಿಲ ಹಿಂದೆ ನಿಲ್ಲಿಸಿ ಇಡೀ ಸಂಭಾಷಣೆ ಕೇಳಿಸುವುದು ಎಲ್ಲಕ್ಕಿಂತ ಸುಲಭದ ದಾರಿ, ಹಾಗೆಯೇ ಎಲ್ಲಕ್ಕಿಂತ ಕೆಟ್ಟದ್ದು. ಮಕ್ಕಳಿಗೆ ಮಾತು ತುಂಡುತುಂಡಾಗಿ ಕೇಳಿಸುತ್ತದೆ. ಮಧ್ಯೆ ನಿದ್ದೆ ಬರುತ್ತದೆ, ಯಾರೋ ಕರೆಯುತ್ತಾರೆ.

ಇನ್ನು ಭಾಷೆ. ಎಂಟು ವರ್ಷದವಳು ಹೇಳುತ್ತಿದ್ದಾಳೆಂದರೆ ಅವಳಿಗೆ ಬರುವ ಮಾತುಗಳಷ್ಟೇ ಬರಬೇಕೇ? ಈ ಪ್ರಶ್ನೆಗೆ ಹೆನ್ರಿ ಜೇಮ್ಸ್ ಕಂಡುಕೊಂಡ ಉತ್ತರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅವನ ‘ವಾಟ್ ಮೇಸಿ ನ್ಯೂ’ (1897) ಕಾದಂಬರಿಯಲ್ಲಿ ವಿಚ್ಛೇದನ ಪಡೆದ ಅಪ್ಪ ಅಮ್ಮ ಮೇಸಿಯನ್ನು ಆರಾರು ತಿಂಗಳು ಹಂಚಿಕೊಂಡು, ಬೈಗುಳ ಮುಟ್ಟಿಸಲು ಅವಳನ್ನೇ ಬಳಸಿಕೊಳ್ಳುತ್ತಾರೆ. ಏನೂ ಅರ್ಥವಾಗದ ಪೆದ್ದಿಯ ಹಾಗೆ ಇದ್ದುಬಿಟ್ಟರೆ ಈ ಕೆಲಸ ತಪ್ಪುತ್ತದೆ ಎಂದು ಆ ಪುಟ್ಟ ಹುಡುಗಿ ಕಂಡುಕೊಳ್ಳುತ್ತಾಳೆ. 1908ರಲ್ಲಿ ಈ ಕಾದಂಬರಿಗೆ ಬರೆದ ಮುನ್ನುಡಿಯಲ್ಲಿ ಜೇಮ್ಸ್ ಹೇಳಿದ್ದರ ಸಾರ ಇಷ್ಟು: ಮಕ್ಕಳಿಗೆ ಕಾಣುವುದು ಬಹಳ, ಹೇಳಲು ಇರುವ ಮಾತು ಕಡಿಮೆ. ಹಾಗಾಗಿ ಅವನು ಮೇಸಿಯನ್ನು ‘ಅವಳು’ ಎಂದು ಕರೆದು, ಅವಳು ಕಂಡದ್ದರ ಆಚೆ ಹೋಗದೆ, ಮಾತನ್ನು ಮಾತ್ರ ತನ್ನದಾಗಿಸಿಕೊಂಡ. ಹಾರ್ಟ್ಲಿಯ ದಾರಿ ಬೇರೆ: ಅರವತ್ತು ದಾಟಿದ ಲಿಯೋ ತನ್ನ ಹಳೆಯ ಡೈರಿ ಸಿಕ್ಕಿ ಆ ಬೇಸಿಗೆಯನ್ನು ನೆನೆಯುತ್ತಾನೆ. ಡಾಯ್ಲ್ ಎರಡನ್ನೂ ಬಿಟ್ಟು ಹತ್ತು ವರ್ಷದವನ ಬಾಯಿಯಲ್ಲೇ ಕತೆ ಹೇಳಿಸಿದ.

ಹೊಸದಾಗಿ ಬರೆಯುವವರಿಗೆ ನಾನು ಜೇಮ್ಸ್‌ನ ದಾರಿಯನ್ನೇ ಹೇಳುತ್ತೇನೆ. ‘ನಾನು’ ಎಂದು ಮಗುವಿನ ಬಾಯಿಂದಲೇ ಹೇಳಿಸಿದಾಗ ಭಾಷೆ ಬೇಗ ತೊದಲಿಗೆ, ಮುದ್ದಿಗೆ ಜಾರುತ್ತದೆ. ದೊಡ್ಡವನಾದವನ ನೆನಪಿನಲ್ಲಿ ‘ಆಮೇಲೆ ನನಗೆ ಅರ್ಥವಾಯಿತು’ ಎಂಬ ಮಾತು ಪುಟಕ್ಕೊಮ್ಮೆ ನುಗ್ಗಿ, ಮಗುವಿನ ತಪ್ಪು ತಿಳಿವಳಿಕೆ ಹುಟ್ಟುವ ಮೊದಲೇ ಸತ್ತುಹೋಗುತ್ತದೆ. ಯಾವ ದಾರಿ ಹಿಡಿದರೂ ಒಂದು ಎಚ್ಚರ ಬೇಕು. ‘ಅಪ್ಪನ ಮುಖದಲ್ಲಿ ಅಪರಾಧಿ ಭಾವವಿತ್ತು’, ‘ಮನೆಯಲ್ಲಿ ಉದ್ವಿಗ್ನತೆ ತುಂಬಿತ್ತು’ ಎಂಬಂಥ ವಾಕ್ಯಗಳು ಬಂದ ಕಡೆ ಮಗು ಜಾಗ ಬಿಟ್ಟು ಹೋಗಿದೆ, ಲೇಖಕ ಬಂದು ಕೂತಿದ್ದಾನೆ. ಮಗು ಮೊದಲು ಕಾಣುವುದು ಕೈಕಾಲುಗಳನ್ನು, ತಟ್ಟೆಗಳನ್ನು, ಬಾಗಿಲುಗಳನ್ನು. ಅಪ್ಪ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದ ಎಂಬುದು ಅವಳಿಗೆ ಗೊತ್ತು, ಯಾಕೆ ಎದ್ದ ಎಂಬುದನ್ನು ಓದುಗ ತಾನೇ ತಿಳಿದುಕೊಳ್ಳುತ್ತಾನೆ.

ಕೊನೆಯಲ್ಲಿ ಯಾರಾದರೊಬ್ಬರು ಮಗುವನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳುವ ಮುಗಿತಾಯವನ್ನು ನಾನು ಒಪ್ಪುವುದಿಲ್ಲ. ನಮ್ಮ ಹುಡುಗಿಗೆ ಯಾರೂ ‘ತಪ್ಪು ನಿನ್ನದಲ್ಲ’ ಎಂದು ಹೇಳಲಿಲ್ಲ ಎಂದಿಟ್ಟುಕೊಳ್ಳಿ. ಪಾಲಾದ ಮನೆಯಲ್ಲಿ ಅವಳು ಅದನ್ನು ಹೊತ್ತುಕೊಂಡೇ ಬೆಳೆಯುತ್ತಾಳೆ. ದೊಡ್ಡವರ ಜಗಳ ಮಗುವಿಗೆ ಮಾಡುವ ಗಾಯ ಇದೇ, ಈ ಬಗೆಯ ಬರಹ ಮಾತ್ರ ಅದನ್ನು ತೋರಿಸಬಲ್ಲದು. ಬರೆಯುವ ಮನಸ್ಸಿರುವವರು ‘ಘಟಶ್ರಾದ್ಧ’ವನ್ನು ಇನ್ನೊಮ್ಮೆ ಓದಿ. ಈ ಸಲ ಪೆನ್ಸಿಲ್ ಹಿಡಿದು, ನಿಮಗೆ ತಿಳಿದೂ ಹುಡುಗನಿಗೆ ತಿಳಿಯದ ಸಾಲುಗಳ ಪಕ್ಕ ಗೆರೆ ಎಳೆಯುತ್ತ ಹೋಗಿ. ಆಮೇಲೆ ನಿಮ್ಮ ಕತೆಗೂ ಅದನ್ನೇ ಮಾಡಿ.