ಗಾಲ್ಫ್ ಗ್ರೀನಿನ ಗುಂಡಿ: ಮೇಲೆತ್ತಿದರೆ ಸರಿಹೋಗುತ್ತದೆಯೇ?

ಎತ್ತರದಿಂದ ಬಂದ ಗಾಲ್ಫ್ ಚೆಂಡು ಗ್ರೀನಿನ ಮೆತ್ತನೆಯ ಹುಲ್ಲಿನ ಮೇಲೆ ಬಿದ್ದಾಗ ಅಲ್ಲೊಂದು ಪುಟ್ಟ ಗುಂಡಿ ಆಗುತ್ತದೆ. ಇದಕ್ಕೆ ಬಾಲ್ ಮಾರ್ಕ್ ಎನ್ನುತ್ತಾರೆ. ಅದನ್ನು ಆಟಗಾರರೇ ಸರಿಪಡಿಸಬೇಕು ಎಂಬುದು ಗಾಲ್ಫ್‌ನ ಹಳೆಯ ಶಿಷ್ಟಾಚಾರ. ಅದಕ್ಕಾಗಿ ಎರಡು ಹಲ್ಲಿನ ಚಿಕ್ಕ ಫೋರ್ಕ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಆದರೆ ಅದನ್ನು ಬಳಸುವ ರೀತಿಯ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಗುಂಡಿ ಬಿದ್ದಿದೆಯಲ್ಲ, ಹಾಗಾದರೆ ಫೋರ್ಕನ್ನು ಅಡಿಗೆ ತೂರಿಸಿ ತಳವನ್ನು ಮೇಲಕ್ಕೆ ಮೀಟಿದರಾಯಿತು ಎಂದುಕೊಳ್ಳುತ್ತಾರೆ. ನೋಡಲು ಗುಂಡಿ ಮುಚ್ಚಿದಂತೆಯೇ ಕಾಣುತ್ತದೆ. ನಿಜವಾದ ಹಾನಿ ಆಗುವುದು ಆಗಲೇ.

ಗ್ರೀನಿನ ಹುಲ್ಲನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರುತ್ತಾರೆ. ಎಲೆ ಇಷ್ಟು ಗಿಡ್ಡವಾದಾಗ ಬೇರಿಗೆ ಸಿಗುವ ಆಹಾರ ಕಡಿಮೆ, ಬೇರೂ ಆಳಕ್ಕೆ ಇಳಿದಿರುವುದಿಲ್ಲ. ತಳದಿಂದ ಮೀಟಿದಾಗ ಅಲ್ಲಿ ಉಳಿದಿದ್ದ ಅಷ್ಟಿಷ್ಟು ಬೇರುಗಳೂ ಹರಿದುಹೋಗುತ್ತವೆ. ಜೊತೆಗೆ ಅಡಿಯ ಮಣ್ಣು ಮೇಲೆ ಬಂದು ನಡುವೆ ಒಂದು ಸಣ್ಣ ಗುಬ್ಬಿ ಏಳುತ್ತದೆ. ಮರುದಿನ ಬೆಳಗ್ಗೆ ಹುಲ್ಲು ಕತ್ತರಿಸುವ ಯಂತ್ರ ಆ ಗುಬ್ಬಿಯ ತಲೆಯನ್ನೇ ಸವರಿಕೊಂಡು ಹೋಗುತ್ತದೆ. ಕೆಲವು ದಿನಗಳಲ್ಲಿ ಅಲ್ಲೊಂದು ಕಂದು ಚುಕ್ಕೆ ಕಾಣಿಸಿಕೊಂಡರೆ, ಯಾರೋ ಮೀಟಿಹೋಗಿದ್ದಾರೆ ಎಂಬ ಅನುಮಾನ ತಪ್ಪಾಗಲಾರದು.

ಸರಿಯಾದ ಕ್ರಮದಲ್ಲಿ ಗುಂಡಿಯ ನಡುಭಾಗವನ್ನು ಮುಟ್ಟುವುದೇ ಇಲ್ಲ. ಫೋರ್ಕನ್ನು ಗುಂಡಿಯ ಅಂಚಿನ ಹೊರಗೆ, ಹುಲ್ಲು ಚೆನ್ನಾಗಿರುವ ಕಡೆ ಚುಚ್ಚಬೇಕು. ಹಿಡಿಯನ್ನು ಗುಂಡಿಯ ಕಡೆಗೆ ಬಾಗಿಸಿ ಅಂಚಿನ ಹುಲ್ಲನ್ನು ಒಳಕ್ಕೆ ತಳ್ಳಬೇಕು. ಸುತ್ತಲೂ ನಾಲ್ಕೈದು ಕಡೆ ಹೀಗೆ ಮಾಡಿದರೆ, ಜೀವವಿರುವ ಹುಲ್ಲೇ ನಡುವಿಗೆ ಬಂದು ಗುಂಡಿಯನ್ನು ಮುಚ್ಚುತ್ತದೆ. ಕೊನೆಗೆ ಪಟ್ಟರ್‌ನ ತಳದಿಂದ ಮೆಲ್ಲಗೆ ತಟ್ಟಿ ಸಮ ಮಾಡಬೇಕು. ಹುಲ್ಲು ಚುರುಕಾಗಿ ಬೆಳೆಯುವ ಕಾಲದಲ್ಲಿ ಇಂಥ ಗಾಯ ಎರಡು ವಾರಗಳ ಆಸುಪಾಸಿನಲ್ಲಿ ಮಾಯುತ್ತದೆ. ಮೀಟಿದ ಗಾಯಕ್ಕೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು.

ಫೇರ್‌ವೇಯಲ್ಲಿ ಹೊಡೆತದ ಜೊತೆ ಕಿತ್ತುಬರುವ ಹುಲ್ಲಿನ ಹೆಂಟೆಯ ವಿಷಯ ಬೇರೆ. ಇದಕ್ಕೆ ಡೈವಟ್ ಎಂದು ಹೆಸರು. ಕಿತ್ತದ್ದನ್ನು ಅಲ್ಲೇ ಇಟ್ಟು ತುಳಿಯಬೇಕು ಎಂಬ ನಿಯಮ ಸ್ಕಾಟ್‌ಲೆಂಡಿನಂಥ ತಂಪು ಪ್ರದೇಶದ ಹುಲ್ಲಿಗೆ ಒಪ್ಪುತ್ತದೆ. ಅಲ್ಲಿ ಬೇರು ಮತ್ತು ಮಣ್ಣಿನ ಸಮೇತ ಎದ್ದ ಹೆಂಟೆಯನ್ನು ಒಣಗುವ ಮೊದಲೇ ಕೂರಿಸಿದರೆ ಮತ್ತೆ ಬೇರೂರಬಲ್ಲದು. ಬಿಸಿ ನಾಡುಗಳ ಮೈದಾನಗಳಲ್ಲಿ ಹೆಚ್ಚಾಗಿ ಇರುವುದು ಬರ್ಮುಡಾ ಹುಲ್ಲು. ಹೆಸರು ವಿದೇಶಿಯಾದರೂ ಅದು ನಾವು ಗಣೇಶನಿಗೆ ಏರಿಸುವ ಗರಿಕೆಯೇ, ಅಥವಾ ಅದರ ಮಿಶ್ರತಳಿ. ಗರಿಕೆ ಕಿತ್ತರೆ ಹೆಂಟೆಯಾಗಿ ಬರುವುದು ಕಡಿಮೆ, ಚೂರುಚೂರಾಗಿ ಹಾರುತ್ತದೆ. ಅದನ್ನು ಹೆಕ್ಕಿ ಜೋಡಿಸಿ ಫಲವಿಲ್ಲ. ಆದರೆ ಗಿಣ್ಣುಗಿಣ್ಣಿಗೂ ಬೇರು ಬಿಡುತ್ತಾ ಹರಡುವ ಗುಣ ಅದಕ್ಕಿದೆ. ಗುಂಡಿಗೆ ಮರಳು ತುಂಬಿ, ಕಾಲಿನಿಂದ ನೆಲಮಟ್ಟಕ್ಕೆ ಸವರಿದರೆ ಸುತ್ತಲಿನ ಬಳ್ಳಿಗಳು ಅದರ ಮೇಲೆ ಹಬ್ಬಿಕೊಳ್ಳುತ್ತವೆ. ಮರಳನ್ನು ರಾಶಿ ಹಾಕಬಾರದು, ಅದು ಯಂತ್ರದ ಬ್ಲೇಡನ್ನು ಹಾಳುಮಾಡುತ್ತದೆ. ಹಾಗೆಯೇ ಬಿಟ್ಟ ಗುಂಡಿಯ ಬೆಲೆ ತೆರುವವರು ಹಿಂದೆ ಬರುವವರು. ಚೆಂಡು ಅದರೊಳಗೆ ನಿಂತರೆ ಬೇರೆಡೆ ಇಡಲು ನಿಯಮ ಬಿಡುವುದಿಲ್ಲ, ಇದ್ದಲ್ಲಿಂದಲೇ ಹೊಡೆಯಬೇಕು.

ಇದನ್ನೆಲ್ಲ ಮಾಡುತ್ತಾ ಕೂತರೆ ಆಟ ನಿಧಾನವಾಗುವುದಿಲ್ಲವೇ? ಲೆಕ್ಕ ಹಾಕಿ ನೋಡಿ. ನಾಲ್ವರು ತಲಾ 90 ಹೊಡೆತ ಹೊಡೆದರೆ ಒಟ್ಟು 360. ಪ್ರತಿ ಹೊಡೆತಕ್ಕೂ 10 ಸೆಕೆಂಡು ಸುಮ್ಮನೆ ಕಳೆದರೆ 3,600 ಸೆಕೆಂಡು, ಅಂದರೆ ಪೂರ್ತಿ ಒಂದು ಗಂಟೆ. ಬಾಲ್ ಮಾರ್ಕ್ ಸರಿಪಡಿಸುವ ಕೆಲಸ ಇಡೀ ಆಟದಲ್ಲಿ ಕೆಲವೇ ಸಲ, ಅದೂ ಬೇರೆಯವರು ಗ್ರೀನಿಗೆ ನಡೆದು ಬರುವಷ್ಟರಲ್ಲಿ ಮುಗಿಯುತ್ತದೆ. ಹೊತ್ತು ತಿನ್ನುವುದು ತನ್ನ ಸರದಿ ಬಂದ ಮೇಲೆ ಕ್ಲಬ್ ಆರಿಸುವ ಅಭ್ಯಾಸ.

ಸರದಿಯ ವಿಷಯದಲ್ಲೂ ಹಳೆಯ ಬಿಗಿ ಈಗಿಲ್ಲ. ಹಿಂದಿನ ಕುಳಿಯಲ್ಲಿ ಅತಿ ಕಡಿಮೆ ಹೊಡೆತ ಬಳಸಿದವರು ಮೊದಲು, ಆಮೇಲೆ ಕುಳಿಯಿಂದ ದೂರ ಇರುವವರು ಮೊದಲು ಎಂಬುದು ರೂಢಿ. ಒಟ್ಟು ಹೊಡೆತ ಎಣಿಸುವ ಆಟದಲ್ಲಿ, ಅಪಾಯವಿಲ್ಲದಿದ್ದರೆ, ಸಿದ್ಧರಾದವರು ಮೊದಲು ಹೊಡೆಯಬಹುದು ಎಂದು 2019ರ ನಿಯಮಗಳೇ ಉತ್ತೇಜಿಸುತ್ತವೆ. ಅಡಚಣೆ ಇಲ್ಲದಾಗ 40 ಸೆಕೆಂಡಿನೊಳಗೆ ಹೊಡೆಯಿರಿ ಎಂಬ ಸಲಹೆಯೂ ಅಲ್ಲಿದೆ. ಕಳೆದ ಚೆಂಡು ಹುಡುಕಲು ಇದ್ದ 5 ನಿಮಿಷ ಈಗ 3ಕ್ಕೆ ಇಳಿದಿದೆ. ಇಬ್ಬರ ನಡುವಿನ ಕುಳಿವಾರು ಪಂದ್ಯದಲ್ಲಿ ಮಾತ್ರ ಎಚ್ಚರ ಬೇಕು: ಎದುರಾಳಿಯ ಒಪ್ಪಿಗೆಯಿಲ್ಲದೆ ಸರದಿ ತಪ್ಪಿಸಿದರೆ ಅವರು ಆ ಹೊಡೆತವನ್ನೇ ರದ್ದು ಮಾಡಿಸಬಹುದು.

ಅದೇ 2019ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಅದಕ್ಕೂ ಮೊದಲು ಗ್ರೀನಿನ ಮೇಲೆ ತನ್ನ ದಾರಿಗೆ ಅಡ್ಡವಿರುವ ಬಾಲ್ ಮಾರ್ಕನ್ನು ಸರಿಪಡಿಸಬಹುದಿತ್ತು, ಬೂಟಿನ ಮೊಳೆ ಎಬ್ಬಿಸಿದ ಹುಲ್ಲನ್ನು ತಟ್ಟುವಂತಿರಲಿಲ್ಲ. ಈಗ ಎರಡನ್ನೂ ಸರಿಮಾಡಬಹುದು.