ಒಂದು ಬಾಕ್ಸ್ ಟೊಮೆಟೊದ ಲೆಕ್ಕ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಆ ಬಾಕ್ಸ್ 2,000 ರೂಪಾಯಿ ದಾಟಿತ್ತು. ದರ ಬಿದ್ದಾಗ ಅದೇ ಹಣ್ಣು ರಸ್ತೆಬದಿಗೆ ಸುರಿಯಲ್ಪಡುತ್ತದೆ. ತೋಟದಿಂದ ಅಡುಗೆಮನೆವರೆಗೆ ದುಡ್ಡು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ಒಂದೇ ಬಾಕ್ಸನ್ನು ಹಿಂಬಾಲಿಸಿದರೆ ಸಾಕು. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ನಾನು ಇಟ್ಟುಕೊಂಡವು.

ಹರಾಜಿನಲ್ಲಿ ಬಾಕ್ಸಿಗೆ 300 ರೂಪಾಯಿ ಬಂತು ಎನ್ನೋಣ. ಕೀಳುವ ಕೂಲಿ 20, ಮಂಡಿಗೆ ಸಾಗಿಸಲು 20, ಕಮಿಷನ್ 30 ಕಳೆದರೆ ರೈತನ ಕೈಗೆ 230. ನಿಯಮದಂತೆ ಕಮಿಷನ್ ಕೊಡಬೇಕಾದವನು ಕೊಳ್ಳುವವನು. ಆದರೂ ರೈತನ ಹಣದಲ್ಲೇ ಅದನ್ನು ಹಿಡಿದುಕೊಳ್ಳುವುದುಂಟು. ಆದ್ದರಿಂದ ಅಧ್ಯಯನಕ್ಕೆ ಹೋದವರು ಬಾಯಿಮಾತು ನಂಬದೆ ರೈತನಿಗೆ ಮಂಡಿ ಕೊಟ್ಟ ಪಟ್ಟಿಯನ್ನೇ ನೋಡಬೇಕು.

ವ್ಯಾಪಾರಿ ವಿಂಗಡಣೆ, ಲಾರಿ ಬಾಡಿಗೆ, ತನ್ನ ಲಾಭ ಎಲ್ಲ ಸೇರಿಸಿ ಬೆಂಗಳೂರಿನ ಅಂಗಡಿಗೆ 360ಕ್ಕೆ ಕೊಡುತ್ತಾನೆ. ಅಂದರೆ ಕಿಲೋಗೆ 24. ಅಂಗಡಿಯವನು ಮಾರುವುದು 40ಕ್ಕೆ. ಕಿಲೋಗೆ 16 ರೂಪಾಯಿ, 15 ಕಿಲೋಗೆ 240 ಅವನಿಗೇ ಉಳಿಯಿತು ಎಂದು ಬರೆದುಬಿಡುತ್ತೇವೆ. ಇದು ಬಹಳ ವಿದ್ಯಾರ್ಥಿಗಳು ಮಾಡುವ ತಪ್ಪು. ಬಾಕ್ಸಿನ ತಳದಲ್ಲಿ ಜಜ್ಜಿದ, ಕೊಳೆತ ಒಂದೂವರೆ ಕಿಲೋ ಕಳೆದರೆ ಮಾರಾಟವಾಗುವುದು ಹದಿಮೂರೂವರೆ ಕಿಲೋ ಮಾತ್ರ. ಬರುವುದು 540, ಉಳಿಯುವುದು 180. ಬಾಡಿಗೆ, ಕರೆಂಟು, ಆಳಿನ ಕೂಲಿ ಅದರಲ್ಲೇ ಹೋಗಬೇಕು. ರೈತನ ಪಾಲೂ ಶೇ 38 ಅಲ್ಲ, 230ನ್ನು 540ರಿಂದ ಭಾಗಿಸಿದರೆ ಸುಮಾರು ಶೇ 43. ಹಾಳಾದ ಹಣ್ಣನ್ನು ಮರೆತರೆ ಇಬ್ಬರ ಲೆಕ್ಕವೂ ಕೆಡುತ್ತದೆ.

ಆ ಒಂದೂವರೆ ಕಿಲೋ ಹಾಳಾಗುವುದು ಹೆಚ್ಚಾಗಿ ಕೀಳುವಾಗಲೇ ನಿರ್ಧಾರವಾಗಿರುತ್ತದೆ. ದೆಹಲಿಯಂಥ ದೂರದ ಊರಿಗೆ ಹೋಗುವ ಹಣ್ಣನ್ನು ಬಣ್ಣ ತಿರುಗುತ್ತಿರುವಾಗಲೇ ಕೀಳಬೇಕು. ಪೂರ್ತಿ ಕೆಂಪಾದದ್ದನ್ನು ಮಧ್ಯಾಹ್ನದ ಬಿಸಿಯಲ್ಲಿ ಲಾರಿಗೆ ಏರಿಸಿದರೆ ಅದು ದಾರಿಯಲ್ಲೇ ಮೆತ್ತಗಾಗುತ್ತದೆ.

ಈಗ ಹರಾಜಿನ ದರ 60ಕ್ಕೆ ಇಳಿಯಲಿ. ಕೂಲಿ, ಸಾಗಣೆ ಹಾಗೇ ಇವೆ, ಕಮಿಷನ್ ಮಾತ್ರ 6 ಆಗಿದೆ. ರೈತನಿಗೆ ಉಳಿಯುವುದು 14. ನಡುವಿನವರ 60, ಅಂಗಡಿಯ 180 ಬದಲಾಗದಿದ್ದರೆ ಗ್ರಾಹಕ ಕೊಡುವುದು 300, ಕಿಲೋಗೆ ಸುಮಾರು 22. ಮಂಡಿಯ ದರ ಐದನೇ ಒಂದು ಪಾಲಾಯಿತು, ಅಂಗಡಿಯ ದರ ಅರ್ಧಕ್ಕೂ ಇಳಿಯಲಿಲ್ಲ. ರೈತನ ಪಾಲು ಮಾತ್ರ ಶೇ 5ಕ್ಕಿಂತ ಕೆಳಗೆ ಕುಸಿಯಿತು. 2024ರ ರಿಸರ್ವ್ ಬ್ಯಾಂಕ್ ಅಧ್ಯಯನವೊಂದು ಟೊಮೆಟೊದಲ್ಲಿ ರೈತನಿಗೆ ಸಿಗುವುದು ಗ್ರಾಹಕನ ರೂಪಾಯಿಯ ಸುಮಾರು ಶೇ 33 ಎಂದು ಅಂದಾಜಿಸಿದೆ. ಅದು ಸರಾಸರಿ. ಏರಿದ ದಿನ, ಬಿದ್ದ ದಿನ ಎರಡೂ ಅದರೊಳಗೆ ಕರಗಿಹೋಗಿರುತ್ತವೆ.

ದರ 40ಕ್ಕೆ ಇಳಿದರೆ ಕೂಲಿ, ಸಾಗಣೆ, ಕಮಿಷನ್ ಸೇರಿ 44. ಬೀಜ, ಗೊಬ್ಬರ, ಕೋಲು, ದಾರಕ್ಕೆ ಹಾಕಿದ ಹಣ ಆಗಲೇ ಹೋಗಿದೆ, ಈಗ ಕಿತ್ತರೆ ಬಾಕ್ಸಿಗೆ ಇನ್ನೂ 4 ರೂಪಾಯಿ ಕೈಯಿಂದ ಹಾಕಬೇಕು. ಅದಕ್ಕೇ ರೈತ ಕೀಳುವ ಆಳುಗಳನ್ನು ಕರೆಯುವುದಿಲ್ಲ, ಹಣ್ಣು ಗಿಡದಲ್ಲೇ ಉಳಿಯುತ್ತದೆ.