ಮರಳಿ ಮೊಳೆಗೆ

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪುಸ್ತಕದಲ್ಲಿ ಎಲ್ಲ ‘ನ’ಗಳೂ ಒಂದೇ ಎರಕದ ಮಕ್ಕಳು. ಆದರೆ ಶಾಯಿ ಒಂದು ಕಡೆ ಹರಡುತ್ತದೆ, ಇನ್ನೊಂದು ಕಡೆ ಮೊಳೆ ಸವೆದಿರುತ್ತದೆ. ಸ್ಕ್ಯಾನರಿನ ಕಣ್ಣಿಗಂತೂ ಅಕ್ಷರವೇ ಕಾಣುವುದಿಲ್ಲ, ಕಾಣುವುದು ಬರೀ ಚುಕ್ಕಿ. ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಟವನ್ನು ಇಂಚಿಗೆ 600 ಚುಕ್ಕಿಯಂತೆ ಹಿಡಿದರೆ ಸುಮಾರು 1.7 ಕೋಟಿ ಚುಕ್ಕಿ. ಕಪ್ಪು ಅಥವಾ ಬಿಳಿ, ಚುಕ್ಕಿಗೊಂದೇ ಬಿಟ್ ಎಂದುಕೊಂಡರೂ ಪುಟಕ್ಕೆ ಎರಡು ಎಂಬಿ. ಮುನ್ನೂರು ಪುಟಕ್ಕೆ ಆರುನೂರು ಎಂಬಿ ದಾಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದು ಹೀಗೆಯೇ, ಕಪ್ಪು-ಬಿಳುಪಿನಲ್ಲಿ.

ಈ ಹೊರೆ ಇಳಿಸುವ ಮೊದಲ ಉಪಾಯ ಬಂದದ್ದು ಫ್ಯಾಕ್ಸ್ ಯಂತ್ರದಿಂದ. 1984ರ ‘ಗ್ರೂಪ್ 4’ ವಿಧಾನ ಚುಕ್ಕಿಗಳ ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿನೊಡನೆ ಹೋಲಿಸುತ್ತದೆ. ಕಪ್ಪು-ಬಿಳುಪಿನ ಗಡಿ ಎಷ್ಟು ಸರಿದಿದೆ ಎಂಬುದನ್ನಷ್ಟೇ ಬರೆದುಕೊಳ್ಳುತ್ತದೆ. ಒಂದು ಚುಕ್ಕಿಯೂ ಕಳೆಯದೆ ಎರಡು ಎಂಬಿಯ ಪುಟ ನೂರು ಕೆಬಿಯ ಆಸುಪಾಸಿಗೆ ಬರುತ್ತದೆ. ಆದರೆ ಅದಕ್ಕೆ ನೆನಪಿಲ್ಲ. ಪುಟದಲ್ಲಿ ‘ನ’ ಅರವತ್ತು ಸಲ ಬಂದರೆ ಅರವತ್ತು ಸಲವೂ ಹೊಸದಾಗಿ ವರ್ಣಿಸುತ್ತದೆ.

ನೆನಪಿಟ್ಟುಕೊಳ್ಳುವ ಯೋಚನೆ ಅದಕ್ಕೂ ಹಳೆಯದು. 1974ರಲ್ಲೇ ಆಶರ್ ಮತ್ತು ಜಾರ್ಜ್ ನಾಗಿ ಅದನ್ನು ಪ್ರಕಟಿಸಿದ್ದರು: ಮೊದಲು ಕಂಡ ಆಕಾರವನ್ನು ಎತ್ತಿಡು, ಅಂಥದೇ ಮತ್ತೆ ಬಂದರೆ ‘ಇಂತಿಷ್ಟನೇ ಆಕಾರ, ಇಂಥ ಜಾಗದಲ್ಲಿ’ ಎಂದಷ್ಟೇ ಬರೆ. ಪುಟದಿಂದ ಹಿಂದಕ್ಕೆ ನಡೆದು ಮೊಳೆಯ ಪೆಟ್ಟಿಗೆಯನ್ನೇ ಮತ್ತೆ ಕಟ್ಟಿದಂತೆ! ಇದು ಜನರ ಕೈಗೆ ಬರಲು ಕಾಲು ಶತಮಾನ ಬೇಕಾಯಿತು. ತೊಂಬತ್ತರ ದಶಕದ ಕೊನೆಗೆ ಎಟಿ ಅಂಡ್ ಟಿ ಪ್ರಯೋಗಾಲಯದ ‘ಡೇಜಾವು’ ಕಡತದಲ್ಲಿ ಬಂತು. 2000ದಲ್ಲಿ ‘ಜೆಬಿಗ್2’ ಎಂಬ ಅಂತರರಾಷ್ಟ್ರೀಯ ಮಾನಕವಾಗಿ, ಮರುವರ್ಷ ಪಿಡಿಎಫ್ ಒಳಗೂ ಸೇರಿತು.

ಯಂತ್ರಕ್ಕೆ ‘ಆಕಾರ’ ಎಂದರೆ ಅಕ್ಷರವಲ್ಲ, ಒಂದಕ್ಕೊಂದು ಅಂಟಿದ ಕಪ್ಪಿನ ತುಣುಕು. ಇಲ್ಲಿ ನಮ್ಮ ಲಿಪಿಗೆ ಒಂದು ಅನುಕೂಲವಿದೆ. ದೇವನಾಗರಿಯ ಶಿರೋರೇಖೆ ಇಡೀ ಪದವನ್ನು ಒಂದೇ ತುಣುಕಾಗಿ ಹೊಲಿದುಬಿಡುತ್ತದೆ, ಅದೇ ಪದ ಮತ್ತೆ ಬಂದರಷ್ಟೇ ಲಾಭ. ಕನ್ನಡದ ತಲೆಕಟ್ಟು ಅಕ್ಷರಕ್ಕೊಂದು, ಒತ್ತು ಎಷ್ಟೋ ಕಡೆ ಬೇರೆಯೇ ನಿಲ್ಲುತ್ತದೆ. ಗುಣಿತಾಕ್ಷರಗಳಿಂದ ಪೆಟ್ಟಿಗೆ ದೊಡ್ಡದಾದರೂ ಮೊಳೆಗಳು ಮರುಬಳಕೆಗೆ ಒದಗುತ್ತವೆ.

ಹಳದಿಗಟ್ಟಿದ ಕಾಗದ, ಗ್ರಂಥಾಲಯದ ನೇರಳೆ ಮೊಹರು ಇವನ್ನೂ ಉಳಿಸಬೇಕೆಂದರೆ ಕಪ್ಪು-ಬಿಳುಪು ಸಾಲದು. ಡೇಜಾವು ಕಟ್ಟಿದ ಯಾನ್ ಲೆಕುನ್, ಲಿಯೋನ್ ಬೊಟೂ ಮತ್ತವರ ಸಂಗಡಿಗರು ಪುಟವನ್ನು ಮೂರು ಪದರವಾಗಿ ಸುಲಿದರು. ಅಕ್ಷರದ ಅಂಚು ಚೂಪಾಗಿರಬೇಕು, ಅದು 300 ಚುಕ್ಕಿಯ ಕಪ್ಪು-ಬಿಳುಪು ಪದರ. ಕಾಗದದ ಬಣ್ಣ ಮಬ್ಬಾದರೂ ಕಣ್ಣು ಒಪ್ಪುತ್ತದೆ, ಅದಕ್ಕೆ 100 ಸಾಕು. ಶಾಯಿಯ ಬಣ್ಣಕ್ಕೆ ಬರೀ 25. ಮೂರನ್ನೂ ಮೇಲಿಂದ ಮೇಲೆ ಇಟ್ಟಾಗ ಇಂಚಿಗೆ 300 ಚುಕ್ಕಿಯಂತೆ 25 ಎಂಬಿ ಇದ್ದ ಬಣ್ಣದ ಪುಟ ನೂರು ಕೆಬಿಗಿಂತಲೂ ಕೆಳಗಿಳಿಯಿತು. ಕಷ್ಟವಿರುವುದು ಸುಲಿಯುವುದರಲ್ಲೇ. ಮಾಸಿದ ಅಕ್ಷರವನ್ನು ಯಂತ್ರ ಕಾಗದವೆಂದು ತಿಳಿದರೆ ಅದು ಮಬ್ಬು ಪದರಕ್ಕೆ ಜಾರಿ ಓದಲಾರದಂತಾಗುತ್ತದೆ. ಒಂದೇ ಪದದಲ್ಲಿ ಕೆಲವು ಅಕ್ಷರ ಗರಿಗರಿ, ಕೆಲವು ಹೊಗೆ ಹೊಗೆಯಾಗಿ ಕಂಡರೆ ಕಾರಣ ಇದೇ.

ಅದಕ್ಕಿಂತ ಕೆಟ್ಟದ್ದು ಕಣ್ಣಿಗೇ ಬೀಳದ ತಪ್ಪು. ಹೋಲಿಕೆ ಸಿಕ್ಕ ಮೇಲೆ ಯಂತ್ರಕ್ಕೆ ಎರಡು ದಾರಿ. ಎತ್ತಿಟ್ಟ ಆಕಾರವನ್ನು ಆಧಾರವಾಗಿಟ್ಟುಕೊಂಡು ಹೊಸದರ ವ್ಯತ್ಯಾಸವನ್ನೂ ಬರೆಯಬಹುದು, ಏನೂ ಕಳೆಯುವುದಿಲ್ಲ. ಇಲ್ಲವೇ ಹಳೆಯದನ್ನೇ ಕೂರಿಸಬಹುದು, ಇನ್ನಷ್ಟು ಜಾಗ ಉಳಿಯುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಈ ಎರಡನೆಯ ದಾರಿಯ ಬೆಲೆ ತೋರಿಸಿದರು. ಒಂದು ಕಟ್ಟಡದ ನಕ್ಷೆಯಲ್ಲಿ ಮೂರು ಕೋಣೆಗಳ ಅಳತೆ 14.13, 21.11 ಮತ್ತು 17.42 ಚದರ ಮೀಟರ್. ಜೆರಾಕ್ಸ್ ಕಂಪನಿಯ ಯಂತ್ರದಿಂದ ಹೊರಬಂದ ಪ್ರತಿಯಲ್ಲಿ ಮೂರೂ 14.13! ಪುಟ್ಟ ಅಂಕಿಗಳಿದ್ದ ತುಣುಕುಗಳು ಯಂತ್ರಕ್ಕೆ ಒಂದೇ ಅನ್ನಿಸಿದ್ದವು. ಅಂಕಿ ಮಸುಕಾಗಿದ್ದರೆ ಯಾರಾದರೂ ಅನುಮಾನಿಸುತ್ತಿದ್ದರು. ಇಲ್ಲಿ ಅದು ಸ್ಫುಟವಾಗಿಯೇ ತಪ್ಪಾಗಿತ್ತು. ಕಂಪನಿ ತಂತ್ರಾಂಶ ತಿದ್ದಬೇಕಾಯಿತು.

ಕನ್ನಡದಲ್ಲಿ ‘ಪ’ಕ್ಕೂ ‘ಷ’ಕ್ಕೂ ಒಳಗಿನ ಒಂದು ಗೀಟಿನ ಅಂತರ, ‘ದ’ಕ್ಕೂ ‘ಧ’ಕ್ಕೂ ಕೆಳಗಿನ ಒಂದು ಸೀಳಿನ ಅಂತರ. ಅಡಿಟಿಪ್ಪಣಿಯ ಸಣ್ಣಕ್ಷರದಲ್ಲಿ ಅದು ಎರಡು ಮೂರು ಚುಕ್ಕಿಗೆ ಇಳಿಯಬಹುದು. ನಿಮ್ಮಲ್ಲಿರುವ ಪಿಡಿಎಫ್ ಯಾವ ಬಗೆಯದೆಂದು ನೋಡಲು `pdfimages -list pustaka.pdf` ಓಡಿಸಿ, `pustaka.pdf` ಜಾಗದಲ್ಲಿ ನಿಮ್ಮ ಕಡತದ ಹೆಸರಿರಲಿ. `enc` ಅಂಕಣದಲ್ಲಿ `ccitt` ಎಂದಿದ್ದರೆ ಅದು ಫ್ಯಾಕ್ಸ್ ದಾರಿ, ಅಕ್ಷರ ಬದಲಾಗುವ ಭಯವಿಲ್ಲ. `jbig2` ಎಂದಿದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು. ಆಗ ಪುಟವನ್ನು ಎಂಟು ಪಟ್ಟು ಹಿಗ್ಗಿಸಿ, ನಾಲ್ಕಾರು ‘ನ’ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಂಚಿನ ಮುಕ್ಕು, ಶಾಯಿಯ ಚುಕ್ಕೆ ಎಲ್ಲದರಲ್ಲೂ ಒಂದೇ ಜಾಗದಲ್ಲಿದ್ದರೆ ಅಲ್ಲಿ ಹಳೆಯ ಆಕಾರವೇ ಮತ್ತೆ ಮತ್ತೆ ಕೂತಿದೆ.